ತಪ್ಪಿ ಬಂದ ಹಣ: ‘ವಾಪಸ್’ ಎಂಬ ಮಾತಿನ ಮೋಸ

ಬಣ್ಣಾರಿಯಿಂದ ಇಪ್ಪತ್ತೇಳು ತಿರುವುಗಳನ್ನು ಏರಿ ಬಂದ ವಾಹನಗಳು ದಿಂಬಂನಲ್ಲಿ ಒಂದಿಷ್ಟು ಹೊತ್ತು ತಣಿಯುತ್ತವೆ. ಚಾಲಕರು ಇಳಿದು ಚಹಾ ಕುಡಿಯುತ್ತಾರೆ, ಗೋಡೆಗೆ ಅಂಟಿಸಿದ ಕ್ಯೂಆರ್ ಚಿತ್ರಕ್ಕೆ ಮೊಬೈಲು ಹಿಡಿದು ಹಣ ಕೊಡುತ್ತಾರೆ, ಹಾಸನೂರಿನ ಕಡೆಗೋ ತಾಳವಾಡಿಯ ಕಡೆಗೋ ಹೊರಟುಹೋಗುತ್ತಾರೆ. ಅವರಲ್ಲಿ ಯಾರು ಮತ್ತೆ ಬರುವವರು, ಯಾರು ಬಾರದವರು ಎಂಬುದು ಅಂಗಡಿಯವನಿಗೆ ತಿಳಿಯದು. ಅಪರಿಚಿತರೊಡನೆ ನಂಬಿಕೆಯ ಮೇಲೆ ನಡೆಯುವ ಇಂಥ ವ್ಯಾಪಾರದಲ್ಲಿ ಒಂದು ಮೋಸ ಹೇಗೆ ಹೊಕ್ಕೀತು ಎಂಬುದನ್ನು ನೋಡಲು ಇಲ್ಲಿಯ ಒಬ್ಬ ಅಂಗಡಿಯವನನ್ನು ಕಲ್ಪಿಸಿಕೊಳ್ಳಬಹುದು. ವ್ಯಕ್ತಿ ಕಲ್ಪಿತ, ವಿಧಾನ ಮಾತ್ರ ನಿಜವಾದದ್ದು.

ಸಂಜೆ ಐದರ ಹೊತ್ತಿಗೆ ಅವನಿಗೊಂದು ಕರೆ ಬರುತ್ತದೆ. ‘ಅಣ್ಣಾ, ಮಧ್ಯಾಹ್ನ ನಿಮ್ಮಲ್ಲಿ ಚಹಾ ಕುಡಿದು ಹೋದವನು ನಾನು. ಮೂವತ್ತು ರೂಪಾಯಿ ಹಾಕುವಲ್ಲಿ ಮೂರು ಸಾವಿರ ಹಾಕಿಬಿಟ್ಟೆ. ಡೀಸೆಲ್ಲಿಗೆ ಇಟ್ಟಿದ್ದ ದುಡ್ಡು ಅದು. ಗೇಟು ಹಾಕುವ ಮೊದಲು ಘಾಟಿ ಇಳಿಯಬೇಕು, ದಯವಿಟ್ಟು ವಾಪಸ್ ಹಾಕಿ.’ ಮಾತು ಮುಗಿಯುವುದರೊಳಗೆ ಒಂದು ಸಂದೇಶ: Rs.3000.00 credited to your A/c. ಅಂಗಡಿಯವನು ಪ್ರಾಮಾಣಿಕ. ತನ್ನ ಮೂವತ್ತನ್ನು ಮುರಿದುಕೊಂಡು 2,970 ರೂಪಾಯಿಯನ್ನು ಆ ಸಂಖ್ಯೆಗೆ ಕಳುಹಿಸುತ್ತಾನೆ. ರಾತ್ರಿ ಲೆಕ್ಕ ನೋಡಿದಾಗ ಮೂರು ಸಾವಿರ ಬಂದೇ ಇಲ್ಲ; 2,970 ಮಾತ್ರ ಹೋಗಿದೆ.

ಬಂದದ್ದು ಹಣವಲ್ಲ, ಹಣ ಬಂತೆಂಬ ವಾಕ್ಯ. ಆ ವಾಕ್ಯವನ್ನು ಬರೆದದ್ದು ಬ್ಯಾಂಕಲ್ಲ, ಕರೆ ಮಾಡಿದವನೇ. ಬ್ಯಾಂಕಿನ ಸಂದೇಶದ ಒಕ್ಕಣೆಯನ್ನು ಯಾರು ಬೇಕಾದರೂ ನಕಲು ಮಾಡಿ ತಮ್ಮ ಮೊಬೈಲಿನಿಂದ ಕಳುಹಿಸಬಹುದು. ಅಂಗಡಿಯವನ ಸಂಖ್ಯೆ ಸಿಕ್ಕುವುದೂ ಕಷ್ಟವಲ್ಲ. ಅನೇಕ ಅಂಗಡಿಗಳ ಕ್ಯೂಆರ್ ಫಲಕದ ಕೆಳಗೆ ಅದು ಅಚ್ಚಾಗಿಯೇ ಇರುತ್ತದೆ. ಮೂವತ್ತು, ಮೂರು ಸಾವಿರ, 2,970 ಎಂಬ ಲೆಕ್ಕದ ಖಚಿತತೆಯೇ ಕಥೆಗೆ ನಿಜದ ಬಣ್ಣ ಕೊಡುತ್ತದೆ. ಎರಡು ಸೊನ್ನೆ ಹೆಚ್ಚು ಒತ್ತುವುದು ಯಾರಿಗಾದರೂ ಆಗಬಹುದಾದ ತಪ್ಪಲ್ಲವೇ?

ಬೆಟ್ಟದ ಮೇಲೆ ಈ ತಂತ್ರಕ್ಕೆ ಇನ್ನೊಂದು ಅನುಕೂಲವಿದೆ. ಸಿಗ್ನಲ್ ಕ್ಷೀಣವಾದ ಕಡೆ ಎಸ್ಸೆಮ್ಮೆಸ್ ಬರುತ್ತದೆ, ಅಂತರಜಾಲ ತೆರೆಯುವುದಿಲ್ಲ. ಹಣ ಬಂದಾಗ ಕೂಗಿ ಹೇಳುವ ಸೌಂಡ್ ಬಾಕ್ಸ್ ಸುಮ್ಮನಿದ್ದರೂ ‘ನೆಟ್‌ವರ್ಕ್ ಇಲ್ಲ’ ಎಂದು ಅಂಗಡಿಯವನೇ ಸಮಾಧಾನ ಹೇಳಿಕೊಳ್ಳುತ್ತಾನೆ. ಬಯಲಿನ ಪೇಟೆಯಲ್ಲಿ ಸಂಶಯ ಹುಟ್ಟಿಸಬೇಕಾದ ಮೌನ ಇಲ್ಲಿ ದಿನನಿತ್ಯದ ಸಂಗತಿ. 2022ರಲ್ಲಿ ಮದರಾಸು ಹೈಕೋರ್ಟಿನ ಆದೇಶದಿಂದ ಈ ಘಾಟಿಯಲ್ಲಿ ರಾತ್ರಿ ಸಂಚಾರದ ನಿರ್ಬಂಧ ಜಾರಿಗೆ ಬಂದುದರಿಂದ ‘ಗೇಟು ಹಾಕುತ್ತಾರೆ’ ಎಂಬ ಅವಸರಕ್ಕೂ ಅರ್ಥವಿದೆ. ಬೇರೆ ಊರಿನಲ್ಲಾದರೆ ಅದೇ ಜಾಗದಲ್ಲಿ ಆಸ್ಪತ್ರೆಯೋ ಮಗುವಿನ ಶಾಲೆಯ ಶುಲ್ಕವೋ ಬರುತ್ತದೆ. ಅವಸರವಿಲ್ಲದೆ ಈ ಮೋಸ ನಡೆಯದು. ಖಾತೆಯ ಬಾಕಿಯನ್ನು ಒಮ್ಮೆ ನೋಡುವಷ್ಟು ಬಿಡುವು ಸಿಕ್ಕರೆ ಕಥೆ ಅಲ್ಲಿಗೇ ಕುಸಿಯುತ್ತದೆ.

ಬ್ಯಾಂಕಿನ ನಿಜವಾದ ಸಂದೇಶ ಹತ್ತು ಅಂಕೆಯ ಮೊಬೈಲ್ ಸಂಖ್ಯೆಯಿಂದ ಬರುವುದಿಲ್ಲ. ಅದನ್ನು ಕಳುಹಿಸಿದವರ ಜಾಗದಲ್ಲಿ ಅಕ್ಷರಗಳ ಸಂಕೇತನಾಮವಿರುತ್ತದೆ. ಇದು ಗುರುತು, ಆದರೆ ಪೂರ್ಣ ಪ್ರಮಾಣವಲ್ಲ, ಏಕೆಂದರೆ ಸಂಕೇತನಾಮವನ್ನೂ ಅನುಕರಿಸಿದ ಉದಾಹರಣೆಗಳಿವೆ. ಪ್ರಮಾಣವೆಂದರೆ ಖಾತೆಯ ಬಾಕಿ ಮಾತ್ರ. ಅಂತರಜಾಲವಿಲ್ಲದಿದ್ದರೆ *99# ಒತ್ತಿ, ಧ್ವನಿಕರೆಯ ಜಾಲದ ಮೂಲಕವೇ ಅದನ್ನು ನೋಡಲು ಬರುತ್ತದೆ. ಆ ಸೇವೆಯನ್ನು ಮೊದಲೇ ನೋಂದಾಯಿಸಿರಬೇಕು. ಯುಪಿಐ ಗುಪ್ತಸಂಖ್ಯೆ ಬೇಕಾಗುವುದು ಹಣ ಕೊಡಲು ಮತ್ತು ಬಾಕಿ ನೋಡಲು. ಹಣ ಪಡೆಯಲು ಎಂದಿಗೂ ಬೇಡ. ಇದನ್ನು ಅರಿಯದವರಿಗೆ ‘ಹಣ ಕೋರಿಕೆ’ ಕಳುಹಿಸಿ, ಅದನ್ನು ಒಪ್ಪಿದರೆ ಹಣ ಬರುತ್ತದೆ ಎಂದು ನಂಬಿಸುವ ಇನ್ನೊಂದು ಉಪಾಯವಿತ್ತು. ವ್ಯಕ್ತಿಯಿಂದ ವ್ಯಕ್ತಿಗೆ ಹೋಗುವ ಅಂಥ ಕೋರಿಕೆಗಳನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸಲು ರಾಷ್ಟ್ರೀಯ ಪಾವತಿ ನಿಗಮ ಸೂಚಿಸಿತು.

ಇಷ್ಟು ತಿಳಿದವನೂ ಎಡವುವ ಸಂದರ್ಭವೊಂದಿದೆ. ಅಂಗಡಿಯವನು ಬಾಕಿ ನೋಡುತ್ತಾನೆ. ಮೂರು ಸಾವಿರ ನಿಜವಾಗಿಯೂ ಬಂದಿದೆ. ಈಗ ಸಂಶಯಕ್ಕೆ ಎಡೆಯೆಲ್ಲಿ? ಕರೆ ಮಾಡಿದವನು, ‘ಬಂದ ಖಾತೆಗೆ ಬೇಡ, ಅದರಲ್ಲಿ ತೊಂದರೆಯಿದೆ, ಈ ಬೇರೆ ಸಂಖ್ಯೆಗೆ ಹಾಕಿ’ ಎನ್ನುತ್ತಾನೆ. ಮೋಸ ಅಡಗಿರುವುದು ಈ ‘ಬೇರೆ’ಯಲ್ಲಿ. ಬಂದ ಹಣ ಕರೆ ಮಾಡಿದವನದಲ್ಲ. ಎಲ್ಲೋ ದೂರದಲ್ಲಿ ಯಾರದೋ ಖಾತೆಯಿಂದ ಕದ್ದದ್ದು. ಕಳ್ಳನು ಅದನ್ನು ನೇರವಾಗಿ ತನ್ನಲ್ಲಿಗೆ ತರಿಸಿಕೊಂಡರೆ ಹೆಜ್ಜೆಗುರುತು ಅವನ ಮನೆ ಬಾಗಿಲಿಗೇ ಬರುತ್ತದೆ. ಆದ್ದರಿಂದ ನಡುವೆ ನಿರಪರಾಧಿಯೊಬ್ಬನ ಖಾತೆಯನ್ನು ದಾಟಿಸುತ್ತಾನೆ.

ಹಣ ಕಳೆದುಕೊಂಡವರು 1930ಕ್ಕೆ ದೂರು ಕೊಟ್ಟಾಗ ಹಣ ಹರಿದ ಖಾತೆಗಳನ್ನು ಒಂದೊಂದಾಗಿ ಹಿಂಬಾಲಿಸುತ್ತಾರೆ. ಅಂಗಡಿಯವನ ಖಾತೆ ಆ ಸರಪಣಿಯ ಒಂದು ಕೊಂಡಿ. ವಿವಾದದ ಮೂರು ಸಾವಿರವನ್ನು ಬ್ಯಾಂಕು ತಡೆಹಿಡಿಯುತ್ತದೆ. ಕೆಲವು ಸಲ ಇಡೀ ಖಾತೆಯೇ ಸ್ತಬ್ಧವಾಗುತ್ತದೆ. ಹಾಲಿನವನಿಗೆ ಕೊಡಲು ದುಡ್ಡಿಲ್ಲ, ಗೋಡೆಯ ಕ್ಯೂಆರ್ ಕೆಲಸಕ್ಕೆ ಬಾರದು. ತಾನು ‘ವಾಪಸ್’ ಕೊಟ್ಟೆನೆಂಬುದು ಅವನ ವಾದ. ಆದರೆ ಬ್ಯಾಂಕಿನ ಲೆಕ್ಕಪುಸ್ತಕದಲ್ಲಿ ಹಾಗೆ ಕಳುಹಿಸಿದ್ದು ವಾಪಸ್ ಎಂದು ದಾಖಲಾಗುವುದಿಲ್ಲ. ಅಲ್ಲಿರುವುದು ಎರಡು ಬೇರೆ ಬೇರೆ ಪಾವತಿ: ಒಬ್ಬರಿಂದ ಇವನಿಗೆ 3,000, ಇವನಿಂದ ಮತ್ತೊಬ್ಬರಿಗೆ 2,970. ಎರಡನ್ನೂ ಕೂಡಿಸುವ ಸಂಬಂಧ ಇದ್ದದ್ದು ಫೋನಿನ ಮಾತಿನಲ್ಲಿ ಮಾತ್ರ. ದೂರದಿಂದ ನೋಡುವ ತನಿಖಾಧಿಕಾರಿಗೆ ಅವನು ಮೂವತ್ತು ರೂಪಾಯಿ ದಲ್ಲಾಳಿ ಹಿಡಿದುಕೊಂಡು ಕದ್ದ ಹಣ ಸಾಗಿಸಿದವನಂತೆಯೇ ಕಾಣುತ್ತಾನೆ.

ಹಾಗಾದರೆ ನಿಜವಾಗಿ ತಪ್ಪಿ ಬಂದ ಹಣವನ್ನು ಇಟ್ಟುಕೊಳ್ಳಬಹುದೇ? ಇಲ್ಲ. ತಪ್ಪಿನಿಂದ ಹಣ ಪಡೆದವನು ಅದನ್ನು ಹಿಂದಿರುಗಿಸತಕ್ಕದ್ದೆಂದು 1872ರ ಭಾರತೀಯ ಕರಾರು ಕಾಯ್ದೆಯ 72ನೆಯ ಕಲಮೇ ಹೇಳುತ್ತದೆ. ಅಂಗಡಿಯವನ ಅಂತಃಸಾಕ್ಷಿ ತಪ್ಪಿದ್ದಲ್ಲ. ಅದು ಹಿಡಿದ ದಾರಿ ತಪ್ಪು. ಹಣವನ್ನು ಖರ್ಚು ಮಾಡದೆ ಹಾಗೆಯೇ ಬಿಟ್ಟು, ತನ್ನ ಬ್ಯಾಂಕಿಗೆ ಬರಹದಲ್ಲಿ ತಿಳಿಸಿ, ‘ನಿಮ್ಮ ಬ್ಯಾಂಕಿನಲ್ಲಿ ದೂರು ಕೊಡಿ, ಅವರು ಕೇಳಿದಾಗ ನಾನು ಒಪ್ಪಿಗೆ ಕೊಡುತ್ತೇನೆ’ ಎಂದು ಕರೆ ಮಾಡಿದವನಿಗೆ ಹೇಳಬೇಕು. ಆಗ ಹಣ ಹೊರಟ ಖಾತೆಗೇ ಮರಳುತ್ತದೆ, ಮರಳಿತೆಂದು ದಾಖಲೆಯೂ ಉಳಿಯುತ್ತದೆ. ನಿಜವಾಗಿ ತಪ್ಪು ಮಾಡಿದವನಿಗೆ ಇದರಿಂದ ಕೆಲವು ದಿನಗಳ ತಡವಾಗಬಹುದು. ಡೀಸೆಲ್ಲಿಗೆ ದುಡ್ಡಿಲ್ಲದೆ ನಿಜಕ್ಕೂ ಘಾಟಿಯಲ್ಲಿ ನಿಂತವನಿಗೆ ಅದು ಸಣ್ಣ ಕಷ್ಟವಲ್ಲ. ಆದರೂ ಅವನ ಬಳಿ ಆ ಪಾವತಿಯ ಹನ್ನೆರಡು ಅಂಕೆಯ ಉಲ್ಲೇಖ ಸಂಖ್ಯೆ ಇರುತ್ತದೆ, ಕೇಳಿದರೆ ಓದಿ ಹೇಳುತ್ತಾನೆ. ಸುಳ್ಳು ಸಂದೇಶ ಕಳುಹಿಸಿದವನಿಗೆ ಹೇಳಲು ಅಂಥ ನಿಜವಾದ ಸಂಖ್ಯೆಯೇ ಇಲ್ಲ. ಬ್ಯಾಂಕಿನ ಹೆಸರೆತ್ತಿದೊಡನೆ ಅವನ ದನಿ ಬೇಡಿಕೆಯಿಂದ ಬೆದರಿಕೆಗೆ ತಿರುಗುತ್ತದೆ, ಇಲ್ಲವೇ ಕರೆ ಕಡಿದುಹೋಗುತ್ತದೆ.

ಈಗಾಗಲೇ 2,970 ಕಳುಹಿಸಿಬಿಟ್ಟವನು ಮರುದಿನ ಸತ್ಯಮಂಗಲಕ್ಕೆ ಬಸ್ಸು ಹಿಡಿಯುವವರೆಗೆ ಕಾಯಬಾರದು. ಕೂಡಲೇ 1930ಕ್ಕೆ ಕರೆ ಮಾಡಿ, ತಾನು ಕಳುಹಿಸಿದ ಪಾವತಿಯ ಉಲ್ಲೇಖ ಸಂಖ್ಯೆ, ಹೊತ್ತು, ಎದುರಿನವನ ಯುಪಿಐ ವಿಳಾಸ ಹೇಳಬೇಕು. ಹಣ ಎದುರಿನ ಖಾತೆಯಲ್ಲಿ ಇರುವವರೆಗೆ ಮಾತ್ರ ಅದನ್ನು ಅಲ್ಲಿ ತಡೆಯಲು ಸಾಧ್ಯ. ಎಟಿಎಂನಿಂದ ನೋಟಾಗಿ ಹೊರಬಿದ್ದ ಮೇಲೆ ಅದರ ಜಾಡು ಲೆಕ್ಕಪುಸ್ತಕದಲ್ಲಿ ಸಿಕ್ಕುವುದಿಲ್ಲ.