ಕಚೇರಿಯ ಕಂಪ್ಯೂಟರ್ ಕಳುವಾದಾಗ: ವಿಮಾ ಕಂಪನಿಗೆ ಪತ್ರ ಬರೆಯುವ ಬಗೆ

ಕಳ್ಳತನದ ಕ್ಲೇಮು ಕೈಗೆ ಬಂದಾಗ ವಿಮಾ ಸರ್ವೇಯರ್ ಮೂರು ಕಾಗದಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಓದುತ್ತಾರೆ: ಪೊಲೀಸರ ಎಫ್‌ಐಆರ್, ನೀವು ಬರೆದ ಪತ್ರ ಮತ್ತು ಖರೀದಿಯ ಬಿಲ್ಲು. ಒಂದರಲ್ಲಿರುವ ಲ್ಯಾಪ್‌ಟಾಪ್ ಇನ್ನೊಂದರಲ್ಲೂ ಅದೇ ಹೆಸರಿನಲ್ಲಿ, ಅದೇ ಸೀರಿಯಲ್ ನಂಬರಿನಲ್ಲಿ ಇರಬೇಕು. ಹಾಗಿದ್ದರೆ ಕ್ಲೇಮು ಸಲೀಸಾಗಿ ಮುಂದೆ ಹೋಗುತ್ತದೆ. ಇಲ್ಲದಿದ್ದರೆ ಪ್ರಶ್ನೆಗಳು ಶುರುವಾಗುತ್ತವೆ.

ದಾವಣಗೆರೆಯಲ್ಲಿ ಒಂದು ತೆರಿಗೆ ಸಲಹೆಗಾರರ ಕಚೇರಿ ಇದೆ ಎಂದುಕೊಳ್ಳೋಣ. ರಾತ್ರಿ ಯಾರೋ ಶಟರ್ ಮೀಟಿ ಒಳನುಗ್ಗಿ ಮೂರು ಲ್ಯಾಪ್‌ಟಾಪ್, ಒಂದು ಡೆಸ್ಕ್‌ಟಾಪ್ ಹೊತ್ತೊಯ್ದಿದ್ದಾರೆ. ಮಾಲೀಕರು ಬೆಳಗ್ಗೆ ಗಾಬರಿಯಲ್ಲಿ ಠಾಣೆಗೆ ಹೋಗಿ ‘ಕೆಲವು ಕಂಪ್ಯೂಟರ್‌ಗಳು ಕಳುವಾಗಿವೆ’ ಎಂದು ದೂರು ಬರೆದುಕೊಡುತ್ತಾರೆ. ಎಫ್‌ಐಆರ್‌ನಲ್ಲೂ ಅದೇ ವಾಕ್ಯ ಬರುತ್ತದೆ. ವಾರದ ನಂತರ ವಿಮಾ ಕಂಪನಿಗೆ ನಾಲ್ಕು ಯಂತ್ರಗಳ ಪಟ್ಟಿ ಹೋಗುತ್ತದೆ. ‘ಕೆಲವು’ ಎಂಬುದು ನಾಲ್ಕಾದದ್ದು ಹೇಗೆ ಎಂದು ಸರ್ವೇಯರ್ ಕೇಳಿದರೆ ಅದು ಅವರ ತಪ್ಪಲ್ಲ.

ಹೀಗಾದರೂ ದಾರಿ ಮುಚ್ಚುವುದಿಲ್ಲ. ಬಿಲ್ಲು ಹುಡುಕಿ ಸೀರಿಯಲ್ ನಂಬರ್ ಸಿಕ್ಕ ಕೂಡಲೇ ಅದೇ ಠಾಣೆಗೆ ಹೋಗಿ, ಅಪರಾಧ ಸಂಖ್ಯೆ ನಮೂದಿಸಿ, ಪೂರ್ಣ ಪಟ್ಟಿಯೊಂದಿಗೆ ಪುರವಣಿ ಹೇಳಿಕೆ ಕೊಟ್ಟು ಸ್ವೀಕೃತಿ ಪಡೆಯಬೇಕು. ಆ ಸ್ವೀಕೃತಿಯ ಪ್ರತಿಯನ್ನು ಎಫ್‌ಐಆರ್ ಜೊತೆ ಲಗತ್ತಿಸಿದರೆ ಎರಡೂ ಕಾಗದಗಳು ಒಂದೇ ಮಾತು ಹೇಳುತ್ತವೆ.

ಠಾಣೆಯಿಂದ ತರುವ ಕಾಗದ ಯಾವುದು ಎಂಬುದನ್ನೂ ನೋಡಿಕೊಳ್ಳಿ. ಕೆಲವೊಮ್ಮೆ ಅರ್ಜಿಗೆ ಹಿಂಬರಹ ಮಾತ್ರ ಸಿಗುತ್ತದೆ. ಇನ್ನು ಕೆಲವರು ಪೊಲೀಸ್ ಇಲಾಖೆಯ ಇ-ಲಾಸ್ಟ್ ಸೌಲಭ್ಯದಲ್ಲಿ ತಾವೇ ವರದಿ ಹಾಕಿಕೊಳ್ಳುತ್ತಾರೆ. ಅದು ವಸ್ತು ಕಳೆದುಹೋದಾಗ ಬಳಸುವ ಸೌಲಭ್ಯ. ಕಳುವಿಗೆ ಬೇಕಾದದ್ದು ಎಫ್‌ಐಆರ್. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಅದರ ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ಕೊಡಬೇಕು.

ಎಫ್‌ಐಆರ್‌ನಲ್ಲಿ ಹಾಕಿರುವ ಕಲಂಗಳಿಗೂ ಬೆಲೆಯಿದೆ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದ್ದು, ರಾತ್ರಿ ಕನ್ನ ಹಾಕಿ ಕದ್ದ ಪ್ರಕರಣಗಳಿಗೆ ಸಾಮಾನ್ಯವಾಗಿ 331 ಮತ್ತು 305ನೇ ಕಲಂಗಳು ಬೀಳುತ್ತವೆ. ಕಚೇರಿಗಳು ಕೊಳ್ಳುವ ಕನ್ನಗಳವು ಪಾಲಿಸಿಗಳಲ್ಲಿ ಹೆಚ್ಚಿನವು ಬಲಪ್ರಯೋಗದಿಂದ ಒಳನುಗ್ಗಿದ ಕಳುವಿಗೆ ಮಾತ್ರ ಹಣ ಕೊಡುತ್ತವೆ. ಪಾಲಿಸಿಯಲ್ಲಿ ಹಾಗೆ ಬರೆದಿದ್ದರೆ ಬಲಪ್ರಯೋಗವಿಲ್ಲದ ಕಳ್ಳತನಕ್ಕೆ ಪರಿಹಾರವಿಲ್ಲ ಎಂದು ಸುಪ್ರೀಂ ಕೋರ್ಟ್ 2004ರಲ್ಲಿ ಹರ್‌ಚಂದ್ ರಾಯ್ ಚಂದನ್ ಲಾಲ್ ಪ್ರಕರಣದಲ್ಲಿ ಹೇಳಿದೆ. ಆದ್ದರಿಂದ ಮುರಿದ ಬೀಗ, ಬಾಗಿದ ಶಟರ್, ಕತ್ತರಿಸಿದ ಕಿಟಕಿ ಸರಳುಗಳ ಫೋಟೊ ತೆಗೆದಿಡಿ. ಪೊಲೀಸರ ಸ್ಥಳ ಮಹಜರಿನಲ್ಲಿ ಅವು ದಾಖಲಾಗುವಂತೆ ನೋಡಿಕೊಳ್ಳಿ. ಸರ್ವೇಯರ್ ಬಂದು ನೋಡುವ ತನಕ ಮುರಿದ ಬೀಗವನ್ನು ಎಸೆಯಬೇಡಿ. ಬಾಗಿಲು ತೆರೆದೇ ಇದ್ದರೆ ಅದನ್ನೂ ಇದ್ದ ಹಾಗೆಯೇ ಬರೆಯಿರಿ. ಸುಳ್ಳು ಸೇರಿದ್ದು ಗೊತ್ತಾದರೆ ಇಡೀ ಕ್ಲೇಮು ಬಿದ್ದುಹೋಗುತ್ತದೆ.

ಇನ್ನು ಖರೀದಿಯ ಪುರಾವೆ. ಬಿಲ್ಲು ಕಳುವಾದ ಯಂತ್ರದೊಳಗೇ ಇತ್ತು ಎಂಬುದು ಹಲವರ ಗೋಳು. ಆದರೆ ಒಂದು ಕಂಪ್ಯೂಟರಿನ ಖರೀದಿ ಹಲವು ಕಡೆ ಗುರುತು ಬಿಟ್ಟಿರುತ್ತದೆ. ಅಂಗಡಿಯವರು ಬಿಲ್ಲಿನ ನಕಲು ಕೊಡಬಲ್ಲರು. ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಹಣ ಹೋದ ದಾಖಲೆ ಇರುತ್ತದೆ. ಜಿಎಸ್‌ಟಿ ನೋಂದಣಿ ಇದ್ದವರಿಗೆ ಜಿಎಸ್‌ಟಿಆರ್-2ಬಿ ತಃಖ್ತೆಯಲ್ಲಿ ಆ ಬಿಲ್ಲಿನ ಸಂಖ್ಯೆ, ದಿನಾಂಕ, ಮೊತ್ತ ಸಿಗುತ್ತವೆ. ಆಡಿಟರ್ ಬಳಿಯ ಸ್ಥಿರಾಸ್ತಿ ಪಟ್ಟಿಯಲ್ಲೂ ಅದು ನಮೂದಾಗಿರುತ್ತದೆ. ಇವುಗಳಲ್ಲಿ ಎರಡನ್ನು ಒಟ್ಟಿಗೆ ಕೊಟ್ಟರೆ ಬಿಲ್ಲಿನ ಕೊರತೆ ಬಹುಮಟ್ಟಿಗೆ ತುಂಬುತ್ತದೆ. ಸೀರಿಯಲ್ ನಂಬರಿಗಾಗಿ ಖಾಲಿ ಪೆಟ್ಟಿಗೆಯ ಚೀಟಿ, ವಾರಂಟಿ ನೋಂದಣಿಯ ಇಮೇಲ್, ರಿಪೇರಿಯವರ ಸರ್ವಿಸ್ ಚೀಟಿಗಳನ್ನು ನೋಡಿ.

ದಾವಣಗೆರೆಯ ಆ ಕಚೇರಿಯ ಪತ್ರ ಹೀಗಿದ್ದರೆ ಸಾಕು:

*ಇವರಿಗೆ: ಶಾಖಾ ವ್ಯವಸ್ಥಾಪಕರು, ಕ್ಲೇಮ್ಸ್ ವಿಭಾಗ*

*ವಿಷಯ: ಕಚೇರಿಯ ಕಂಪ್ಯೂಟರ್‌ಗಳ ಕಳವು. ಪಾಲಿಸಿ ಸಂಖ್ಯೆ ……, ಕ್ಲೇಮ್ ಸಂಖ್ಯೆ ……*

*ಮಾನ್ಯರೇ,*

*ದಿನಾಂಕ …… ರಾತ್ರಿ 8 ಗಂಟೆಗೆ ನಮ್ಮ ಕಚೇರಿಗೆ ಬೀಗ ಹಾಕಲಾಗಿತ್ತು. ಮರುದಿನ ಬೆಳಗ್ಗೆ 9ಕ್ಕೆ ಬಂದಾಗ ಶಟರ್ ಮೀಟಿ, ಬೀಗ ಮುರಿದಿರುವುದು ಕಂಡಿತು. ಅದೇ ದಿನ …… ಠಾಣೆಯಲ್ಲಿ ದೂರು ನೀಡಿದ್ದು, ಅಪರಾಧ ಸಂಖ್ಯೆ …… ರಂತೆ ಎಫ್‌ಐಆರ್ ದಾಖಲಾಗಿದೆ. ನಿಮ್ಮ ಸಹಾಯವಾಣಿಗೂ ಅದೇ ದಿನ ತಿಳಿಸಲಾಗಿದೆ.*

*ಕಳುವಾದ ವಸ್ತುಗಳು:*

*1. ಲ್ಯಾಪ್‌ಟಾಪ್, 3 (ಕಂಪನಿ, ಮಾದರಿ ……, ಸೀರಿಯಲ್ ಸಂಖ್ಯೆಗಳು ……, ……, ……). ಬಿಲ್ ಸಂಖ್ಯೆ ……, ಜೂನ್ 2023. ತಲಾ ರೂ. 50,000, ಜಿಎಸ್‌ಟಿ ಬೇರೆ. ಲಗತ್ತು 2.*

*2. ಡೆಸ್ಕ್‌ಟಾಪ್, 1 (ಕಂಪನಿ, ಮಾದರಿ ……, ಸೀರಿಯಲ್ ಸಂಖ್ಯೆ ……). ಆಗಸ್ಟ್ 2021. ರೂ. 30,000, ಜಿಎಸ್‌ಟಿ ಬೇರೆ. ಮೂಲ ಬಿಲ್ ಲಭ್ಯವಿಲ್ಲ. ಬ್ಯಾಂಕ್ ಸ್ಟೇಟ್‌ಮೆಂಟ್ ಮತ್ತು ಸ್ಥಿರಾಸ್ತಿ ಪಟ್ಟಿ ಲಗತ್ತು 3.*

*ಒಟ್ಟು ಖರೀದಿ ಬೆಲೆ ರೂ. 1,80,000. ಇವುಗಳ ಮೇಲಿನ ಜಿಎಸ್‌ಟಿಗೆ ಹೂಡುವಳಿ ತೆರಿಗೆ ಜಮೆ ಪಡೆದಿದ್ದೇವೆ. ಎಫ್‌ಐಆರ್ ಮತ್ತು ಪುರವಣಿ ಹೇಳಿಕೆ ಲಗತ್ತು 1, ಫೋಟೊಗಳು ಲಗತ್ತು 4. ಸರ್ವೇಯರ್ ಅವರನ್ನು ನೇಮಿಸಿ ಪರಿಹಾರ ಮಂಜೂರು ಮಾಡಬೇಕಾಗಿ ಕೋರುತ್ತೇವೆ.*

ಈ ಪತ್ರದಲ್ಲಿ ಎರಡು ಮಾತು ಗಮನಿಸಬೇಕು. ಡೆಸ್ಕ್‌ಟಾಪಿನ ಬಿಲ್ಲು ಇಲ್ಲ ಎಂಬುದನ್ನು ಮುಚ್ಚಿಡದೆ ಹೇಳಿ, ಬದಲಿ ದಾಖಲೆ ತೋರಿಸಲಾಗಿದೆ. ಜಿಎಸ್‌ಟಿ ವಿಚಾರವನ್ನೂ ಮೊದಲೇ ತಿಳಿಸಲಾಗಿದೆ. ತೆರಿಗೆ ಜಮೆ ಪಡೆದವರಿಗೆ ಸರ್ವೇಯರ್ ಆ ಮೊತ್ತವನ್ನು ಕಳೆದೇ ನಷ್ಟ ಲೆಕ್ಕ ಹಾಕುತ್ತಾರೆ. ಜೊತೆಗೆ, ಕಳುವಾದ ಸರಕಿನ ಮೇಲೆ ತೆರಿಗೆ ಜಮೆಗೆ ಜಿಎಸ್‌ಟಿ ಕಾಯ್ದೆಯ 17(5)ನೇ ಕಲಂ ಅವಕಾಶ ಕೊಡುವುದಿಲ್ಲ. ಅದನ್ನು ಹಿಂದಿರುಗಿಸುವ ಲೆಕ್ಕವನ್ನು ಆಡಿಟರ್ ಬಳಿ ಕೇಳಿ ಮುಗಿಸಿಕೊಳ್ಳಿ.

ರೂ. 1,80,000 ಕೇಳಿದ ಮಾತ್ರಕ್ಕೆ ಅಷ್ಟೂ ಕೈಗೆ ಬರುವುದಿಲ್ಲ. ಪಾಲಿಸಿ ಮಾರುಕಟ್ಟೆ ಬೆಲೆಯ ಆಧಾರದ್ದಾದರೆ ಹಳತಾದದ್ದಕ್ಕೆ ಸವಕಳಿ ಕಳೆಯುತ್ತಾರೆ. ಸವಕಳಿ ಹೋಗಿ ನಷ್ಟ ರೂ. 1,00,000 ಎಂದು ನಿಗದಿಯಾಯಿತು ಎನ್ನೋಣ. ಕಚೇರಿಯ ಎಲ್ಲ ಕಂಪ್ಯೂಟರ್‌ಗಳ ನಿಜ ಬೆಲೆ ರೂ. 2,50,000 ಇದ್ದು, ವಿಮೆ ಮಾಡಿಸಿದ್ದು ರೂ. 1,50,000ಕ್ಕೆ ಮಾತ್ರ. ಅಂದರೆ ಆಸ್ತಿಯ ಶೇ. 60 ಭಾಗಕ್ಕಷ್ಟೇ ವಿಮೆ ಇದೆ. ಸರಾಸರಿ ಷರತ್ತು ಇರುವ ಪಾಲಿಸಿಯಲ್ಲಿ ಪರಿಹಾರವೂ ಶೇ. 60ಕ್ಕೆ, ಅಂದರೆ ರೂ. 60,000ಕ್ಕೆ ಇಳಿಯುತ್ತದೆ. ಅದರಲ್ಲೂ ವಿಮೆದಾರರೇ ಭರಿಸಬೇಕಾದ ಮೊದಲ ಪಾಲು ಕಡಿತವಾಗುತ್ತದೆ. ಪ್ರತಿ ನವೀಕರಣದಲ್ಲಿ ಹೊಸದಾಗಿ ಕೊಂಡ ಯಂತ್ರಗಳನ್ನು ಸೇರಿಸಿ ವಿಮಾ ಮೊತ್ತ ಏರಿಸದಿದ್ದರೆ ಆಗುವ ನಷ್ಟ ಇದು. ಎಷ್ಟು ಚೆನ್ನಾಗಿ ಪತ್ರ ಬರೆದರೂ ಇದನ್ನು ಸರಿಪಡಿಸಲಾಗದು.

ಪತ್ರ ಕೊಟ್ಟ ಮೇಲೆ ಇನ್ನೊಂದು ಕಾಗದಕ್ಕೆ ಕಾಯಬೇಕಾಗಬಹುದು. ಕಳ್ಳರು ಸಿಗದೇ ಪೊಲೀಸರು ತನಿಖೆ ಮುಗಿಸಿದರೆ ‘ಸಿ’ ರಿಪೋರ್ಟ್ ಹಾಕುತ್ತಾರೆ. ವಿಮಾ ಕಂಪನಿಗಳು ಸಾಮಾನ್ಯವಾಗಿ ಅದನ್ನು ಕೇಳುತ್ತವೆ. ಅದು ಬರಲಿ ಎಂದು ಕ್ಲೇಮು ಸಲ್ಲಿಸುವುದನ್ನು ಮುಂದೂಡಬೇಡಿ. ತನಿಖೆ ನಡೆಯುತ್ತಿದೆ ಎಂದು ಬರೆದು, ಬಂದ ಮೇಲೆ ಕೊಡಿ.

ಇಂದೇ ಮಾಡಬಹುದಾದ ಕೆಲಸ ಒಂದಿದೆ. ವಿಂಡೋಸ್ ಕಂಪ್ಯೂಟರಿನ ಪವರ್‌ಶೆಲ್‌ನಲ್ಲಿ ಈ ಸಾಲು ಟೈಪ್ ಮಾಡಿದರೆ ಸೀರಿಯಲ್ ನಂಬರ್ ಕಾಣುತ್ತದೆ:

```
(Get-CimInstance Win32_BIOS).SerialNumber
```

ಬಿಡಿಭಾಗ ಜೋಡಿಸಿ ಕಟ್ಟಿಸಿದ ಡೆಸ್ಕ್‌ಟಾಪ್‌ಗಳಲ್ಲಿ ಇದು ಸಿಗದೇ ಇರಬಹುದು. ಅಲ್ಲಿ ಬಿಡಿಭಾಗಗಳ ಬಿಲ್ಲನ್ನೇ ನೆಚ್ಚಿಕೊಳ್ಳಬೇಕು. ಪ್ರತಿ ಯಂತ್ರದ ನಂಬರ್ ಬರೆದು, ಬಿಲ್ಲಿನ ಫೋಟೊ ಸೇರಿಸಿ, ಆ ಪಟ್ಟಿಯನ್ನು ಕಚೇರಿಯ ಹೊರಗೆ, ನಿಮ್ಮ ಇಮೇಲ್‌ನಲ್ಲಿ ಅಥವಾ ಆಡಿಟರ್ ಬಳಿ ಇಟ್ಟುಬಿಡಿ.