ಎರಡಕ್ಕಿಂತ ಕೆಳಗಿಳಿಯದ ಮೊತ್ತ

ಬೆಂಗಳೂರು, ಮೈಸೂರಿನಲ್ಲಿ ಸೈಟು ಎಂದರೆ ಮೊದಲು ನೆನಪಾಗುವ ಅಳತೆ ಮೂವತ್ತು-ನಲವತ್ತು. ವಿಸ್ತೀರ್ಣ 1200 ಚದರ ಅಡಿ, ಸುತ್ತ ಕಾಂಪೌಂಡ್ ಹಾಕಿಸಿದರೆ ಗೋಡೆ 140 ಅಡಿ. ಅಷ್ಟೇ ವಿಸ್ತೀರ್ಣದ ಸೈಟು 20×60 ಇದ್ದರೆ ಗೋಡೆ 160 ಅಡಿಯಾಗುತ್ತದೆ. 10×120 ಆದರೆ 260 ಅಡಿ! ಜಾಗ ಒಂದಿಷ್ಟೂ ಹೆಚ್ಚಲಿಲ್ಲ, ಗೋಡೆ ಮಾತ್ರ ಬೆಳೆಯಿತು. ಹಾಗಾದರೆ 1200 ಚದರ ಅಡಿಗೆ ಎಷ್ಟು ಕಡಿಮೆ ಗೋಡೆ ಸಾಕು?

1200ರ ವರ್ಗಮೂಲ ಸುಮಾರು 34.64. ಒಂದು ಬದಿಯನ್ನು ಇದರ x ಪಟ್ಟು ಮಾಡಿದರೆ, ವಿಸ್ತೀರ್ಣ ಕೆಡದಿರಲು ಇನ್ನೊಂದು ಬದಿ ಇದರ 1/x ಪಟ್ಟು ಆಗಲೇಬೇಕು. ಆಗ ಗೋಡೆಯ ಉದ್ದ 69.28 × (x + 1/x). ಅಲ್ಲಿಗೆ ಸೈಟಿನ ಲೆಕ್ಕ ಗಣಿತದ ಒಂದು ಹಳೆಯ ಪ್ರಶ್ನೆಯಾಗಿ ನಿಲ್ಲುತ್ತದೆ: x ಧನ ಸಂಖ್ಯೆಯಾಗಿದ್ದಾಗ x + 1/x ಎಷ್ಟರವರೆಗೆ ಇಳಿಯಬಲ್ಲದು?

x = 4 ಆದರೆ ಮೊತ್ತ 4.25. x = 2 ಆದರೆ 2.5. x = 1 ಆದರೆ 2. ಇನ್ನೂ ಕೆಳಗೆ, ಅರ್ಧಕ್ಕೆ ಹೋದರೆ ಮೊತ್ತ ಮತ್ತೆ 2.5ಕ್ಕೆ ಏರುತ್ತದೆ. 2 ಎಂಬುದೇ ತಳ ಎಂದು ಅನುಮಾನ ಬರುವುದು ಸಹಜ. ಅದನ್ನು ಸಾಧಿಸಲು ಎರಡು ದಾರಿಗಳಿವೆ.

ಮೊದಲನೆಯದು ಮಾಧ್ಯಗಳ ದಾರಿ. ಎರಡು ಧನ ಸಂಖ್ಯೆಗಳ ಸಮಾಂತರ ಮಾಧ್ಯ, ಅಂದರೆ ಮೊತ್ತದ ಅರ್ಧ, ಅವುಗಳ ಗುಣೋತ್ತರ ಮಾಧ್ಯಕ್ಕಿಂತ, ಅಂದರೆ ಗುಣಲಬ್ಧದ ವರ್ಗಮೂಲಕ್ಕಿಂತ, ಎಂದೂ ಕಡಿಮೆಯಾಗದು. ಇಲ್ಲಿ x ಮತ್ತು 1/x ಗುಣಿಸಿದರೆ ಸಿಗುವುದು ಯಾವಾಗಲೂ 1. ಹಾಗಾಗಿ ಮೊತ್ತದ ಅರ್ಧ ಕನಿಷ್ಠ 1, ಮೊತ್ತ ಕನಿಷ್ಠ 2. ಇದರ ಬೇರು ತೀರಾ ಸರಳ: √x − 1/√x ಎಂಬುದರ ವರ್ಗ ಋಣವಾಗಲಾರದು, ಅದನ್ನು ಬಿಡಿಸಿ ಬರೆದರೆ x − 2 + 1/x. ಎರಡು ಸಂಖ್ಯೆಗಳೂ ಸಮವಾದಾಗ, ಅಂದರೆ x = 1 ಆದಾಗ ಮಾತ್ರ, ಮೊತ್ತ ಸರಿಯಾಗಿ 2. ಸೈಟಿನ ಭಾಷೆಯಲ್ಲಿ ಅದು ಚೌಕ: ಗೋಡೆ 138.56 ಅಡಿ.

ಎರಡನೆಯದು ಅವಕಲನದ ದಾರಿ. x ಸ್ವಲ್ಪ ಹೆಚ್ಚಿದಾಗ ಮೊದಲ ಪದ 1ರ ದರದಲ್ಲಿ ಏರುತ್ತದೆ, ಎರಡನೆಯ ಪದ 1/x² ದರದಲ್ಲಿ ಇಳಿಯುತ್ತದೆ. x ಅರ್ಧವಿದ್ದಾಗ ಇಳಿಕೆಯ ದರ 4, ಆದ್ದರಿಂದ ಒಟ್ಟು ಮೊತ್ತ ಇಳಿಯುತ್ತಿರುತ್ತದೆ. x = 2 ಇದ್ದಾಗ ಇಳಿಕೆಯ ದರ ಕಾಲು ಮಾತ್ರ, ಮೊತ್ತ ಏರುತ್ತಿರುತ್ತದೆ. ಏರಿಕೆ ಇಳಿಕೆಗಳು ಸರಿಸಮವಾಗುವುದು 1 − 1/x² = 0 ಆದಾಗ, ಅಂದರೆ x = 1ರಲ್ಲಿ. ಅಲ್ಲಿಯವರೆಗೆ ಇಳಿದು, ಅಲ್ಲಿಂದ ಮುಂದೆ ಏರುವುದರಿಂದ ಅದೇ ತಳ.

ಉತ್ತರ ಒಂದೇ ಆದರೂ ಎರಡೂ ದಾರಿಗಳು ಹೇಳುವುದು ಒಂದೇ ಅಲ್ಲ. ತಳದಲ್ಲಿ ಬದಲಾವಣೆಯ ದರ ಸೊನ್ನೆ ಎಂದರೆ ಅದರ ಆಸುಪಾಸಿನಲ್ಲಿ ರೇಖೆ ಬಹುತೇಕ ಸಮತಟ್ಟು. ಮೂವತ್ತು-ನಲವತ್ತರ ಸೈಟು ಚೌಕವಲ್ಲದಿದ್ದರೂ ಅದಕ್ಕೆ ಹೆಚ್ಚಿಗೆ ಬೇಕಾದ ಗೋಡೆ ಒಂದೂವರೆ ಅಡಿಯೂ ಇಲ್ಲದಿರುವುದು ಇದೇ ಕಾರಣಕ್ಕೆ.

ಇನ್ನು ಎಡವುವ ಜಾಗ. ಸೈಟಿನ ಅಗಲ 20 ಅಡಿ ಮೀರುವಂತಿಲ್ಲ ಎಂಬ ನಿರ್ಬಂಧವಿದೆ ಎನ್ನೋಣ. ಮಾಧ್ಯಗಳ ಸೂತ್ರ ಆಗಲೂ 138.56 ಅಡಿಗಿಂತ ಕಡಿಮೆಯಾಗದು ಎನ್ನುತ್ತದೆ. ಆ ಮಾತು ಸುಳ್ಳಲ್ಲ, ಆದರೆ ಉತ್ತರವೂ ಅಲ್ಲ. ಚೌಕವೇ ಸಾಧ್ಯವಿಲ್ಲದ ಮೇಲೆ ಆ ಅಳತೆ ಕೈಗೆ ಸಿಗುವುದಾದರೂ ಹೇಗೆ? ಅವಕಲನ ಇಲ್ಲಿ ನೆರವಿಗೆ ಬರುತ್ತದೆ: x ಒಂದಕ್ಕಿಂತ ಕಡಿಮೆ ಇರುವವರೆಗೂ ಮೊತ್ತ ಇಳಿಯುತ್ತಲೇ ಇರುವುದರಿಂದ, ಬಿಟ್ಟಷ್ಟೂ ಅಗಲ ಬಳಸಿಕೊಳ್ಳುವುದೇ ಲಾಭ. ಕನಿಷ್ಠ ಗೋಡೆ 20×60ರ 160 ಅಡಿ.

x + 1/x² ಎಂಬ ಮೊತ್ತದಲ್ಲಿ ಇನ್ನೊಂದು ತೊಡಕಿದೆ. ಎರಡು ಪದಗಳ ಗುಣಲಬ್ಧ 1/x. ಅದು ಸ್ಥಿರವಲ್ಲ, ಹಾಗಾಗಿ ಸೂತ್ರವನ್ನು ನೇರವಾಗಿ ಹಚ್ಚಿದರೆ ತಳ ಸಿಗದು. x ಅನ್ನು ಎರಡು ಅರ್ಧಗಳಾಗಿ ಒಡೆದು ಮೂರು ಪದ ಮಾಡಿದರೆ ಗುಣಲಬ್ಧ 1/4ಕ್ಕೆ ನಿಲ್ಲುತ್ತದೆ, ಕನಿಷ್ಠ ಮೊತ್ತ ಸುಮಾರು 1.89 ಎಂದು ಬರುತ್ತದೆ. ಎಷ್ಟೇ ಪದಗಳಿದ್ದರೂ ಮಾಧ್ಯಗಳ ನಿಯಮ ನಿಲ್ಲುತ್ತದೆ ಎಂಬುದಕ್ಕೆ ಫ್ರಾನ್ಸಿನ ಗಣಿತಜ್ಞ ಕೋಶಿ 1821ರ ತನ್ನ ಪಠ್ಯಪುಸ್ತಕದಲ್ಲಿ ಕೊಟ್ಟ ಸಾಧನೆ ಪ್ರಸಿದ್ಧ. ಆದರೆ ಹೀಗೆ ಒಡೆಯುವ ಉಪಾಯ ಹೊಳೆಯಬೇಕು. ಅವಕಲನಕ್ಕೆ ಉಪಾಯ ಬೇಡ: 1 − 2/x³ = 0 ಎಂದು ಬರೆದರೆ x ಸುಮಾರು 1.26, ಮೊತ್ತ ಅದೇ 1.89.

ಗುಣಲಬ್ಧ ಸ್ಥಿರವಾಗಿದ್ದು, ಪದಗಳೆಲ್ಲ ಸಮವಾಗುವ ಬೆಲೆ x ನ ಮಿತಿಯೊಳಗೇ ಇದ್ದರೆ ಮಾಧ್ಯಗಳ ದಾರಿಯೇ ಹತ್ತಿರದ್ದು. ಎರಡರಲ್ಲಿ ಒಂದು ತಪ್ಪಿದರೂ ಅವಕಲನವನ್ನು ನೆಚ್ಚುವುದು ಮೇಲು.