ಜಪಾನಿನ 85 ಸೆಂ.ಮೀ. ಸೊಂಟ ಎಲ್ಲಿಂದ ಬಂತು?

'ಜಪಾನಿನಲ್ಲಿ ದಪ್ಪ ಇರೋದೇ ಅಪರಾಧ, ಹೊಟ್ಟೆ ಬಂದ್ರೆ ಫೈನ್' ಅನ್ನೋ ರೀಲ್ ನಿಮ್ಮ ಫೋನಿಗೂ ಬಂದಿರಬಹುದು. ಅದು ಅರ್ಧ ಸುಳ್ಳು. 2008ರಲ್ಲಿ ಜಪಾನ್ 40ರಿಂದ 74 ವರ್ಷದವರ ಆರೋಗ್ಯ ತಪಾಸಣೆಯಲ್ಲಿ ಸೊಂಟದ ಸುತ್ತಳತೆ ತೆಗೆದುಕೊಳ್ಳುವುದನ್ನು ಕಡ್ಡಾಯ ಮಾಡಿತು. ಗಂಡಸರಿಗೆ 85 ಸೆಂ.ಮೀ., ಹೆಂಗಸರಿಗೆ 90 ಸೆಂ.ಮೀ. ಗಡಿ. ಗಡಿ ದಾಟಿದ ವ್ಯಕ್ತಿಗೆ ದಂಡ ಇಲ್ಲ. ಗುರಿ ಮುಟ್ಟದ ವಿಮಾ ಸಂಸ್ಥೆಗಳು ಮಾತ್ರ ಹಿರಿಯರ ಆರೋಗ್ಯ ನಿಧಿಗೆ ಹೆಚ್ಚು ಹಣ ಕಟ್ಟಬೇಕಾಗಬಹುದು, ಅಷ್ಟೇ.

ಆದರೆ ಈ ರೀಲ್‌ಗಳು ಕೇಳದ ಪ್ರಶ್ನೆ ಬೇರೆ ಇದೆ. ಬೇರೆ ಕಡೆಯೆಲ್ಲ ಹೆಂಗಸರ ಗಡಿ ಗಂಡಸರದ್ದಕ್ಕಿಂತ ಕಡಿಮೆ. ಭಾರತದಲ್ಲೂ ವೈದ್ಯರು ಬಳಸುವ ಗಡಿ ಗಂಡಸರಿಗೆ 90, ಹೆಂಗಸರಿಗೆ 80. ಜಪಾನಿನಲ್ಲಿ ಮಾತ್ರ ಯಾಕೆ ತಿರುಗುಮುರುಗು? ಉತ್ತರ ಟೇಪಿನಲ್ಲಿಲ್ಲ, ಸಿಟಿ ಸ್ಕ್ಯಾನ್‌ನ ಒಂದು ಚಿತ್ರದಲ್ಲಿದೆ.

ಹೊಟ್ಟೆಯಲ್ಲಿ ಮುಖ್ಯವಾಗಿ ಎರಡು ಬಗೆಯ ಕೊಬ್ಬು ಇರುತ್ತೆ. ಬೆರಳಲ್ಲಿ ಚಿವುಟಿ ಹಿಡಿಯಬಹುದಾದದ್ದು ಚರ್ಮದಡಿಯ ಕೊಬ್ಬು. ಹೊಟ್ಟೆಯ ಸ್ನಾಯುಗಳ ಗೋಡೆಯ ಒಳಗೆ, ಕರುಳಿನ ಸುತ್ತ ತುಂಬಿಕೊಳ್ಳುವುದು ವಿಸರಲ್ ಫ್ಯಾಟ್. ಸಕ್ಕರೆ ಕಾಯಿಲೆ, ಬಿಪಿ, ರಕ್ತದ ಕೊಬ್ಬಿನ ಏರುಪೇರಿನ ಜೊತೆ ಹೆಚ್ಚು ನಂಟಿರುವುದು ಈ ಒಳಗಿನ ಕೊಬ್ಬಿಗೆ. ಟೇಪು ಎರಡನ್ನೂ ಸೇರಿಸಿ ಅಳೆಯುತ್ತೆ, ಬೇರೆ ಮಾಡಿ ಹೇಳಲಾರದು. ಬೇರೆ ಮಾಡಿ ತೋರಿಸುವ ಸಿಟಿ ವಿಧಾನವನ್ನು 1980ರ ದಶಕದಲ್ಲಿ ರೂಪಿಸಿದ್ದು ಒಸಾಕಾ ವಿಶ್ವವಿದ್ಯಾಲಯದ ಯುಜಿ ಮಾತ್ಸುಜಾವಾ ಮತ್ತು ಅವರ ತಂಡ.

ವಿಧಾನ ನಿಜಕ್ಕೂ ಸರಳ. ಸಿಟಿ ಚಿತ್ರದ ಪ್ರತಿ ಚುಕ್ಕಿಗೂ, ಅಂದರೆ ಪಿಕ್ಸೆಲ್‌ಗೂ, ಒಂದು ಸಂಖ್ಯೆ ಇರುತ್ತೆ. ಯಂತ್ರ ಕಟ್ಟಿದ ಎಂಜಿನಿಯರ್ ಗಾಡ್‌ಫ್ರೀ ಹೌನ್ಸ್‌ಫೀಲ್ಡ್ ಹೆಸರಿನ ಮಾನ ಅದು. ನೀರಿಗೆ 0, ಗಾಳಿಗೆ -1000. ಕೊಬ್ಬು ನೀರಿಗಿಂತ ಸ್ವಲ್ಪ ಹಗುರ, ಹಾಗಾಗಿ ಸಾಮಾನ್ಯವಾಗಿ -190ರಿಂದ -30ರ ನಡುವೆ ಬರುತ್ತೆ. ವ್ಯಕ್ತಿಯನ್ನು ಅಂಗಾತ ಮಲಗಿಸಿ, ಉಸಿರು ಹೊರಬಿಟ್ಟು ಹಿಡಿದುಕೊಳ್ಳಲು ಹೇಳಿ, ಹೊಕ್ಕುಳಿನ ಮಟ್ಟದಲ್ಲಿ ಒಂದೇ ಒಂದು ಅಡ್ಡ ಸೀಳಿನ ಚಿತ್ರ ತೆಗೆಯುತ್ತಾರೆ. ಪರದೆಯ ಮೇಲೆ ಸ್ನಾಯು ಗೋಡೆಯ ಒಳ ಅಂಚಿಗೆ ಗೆರೆ ಎಳೆದು, ಗೆರೆಯೊಳಗೆ ಆ ವ್ಯಾಪ್ತಿಗೆ ಬೀಳುವ ಪಿಕ್ಸೆಲ್‌ಗಳನ್ನು ಎಣಿಸಿದರೆ ವಿಸರಲ್ ಫ್ಯಾಟ್‌ನ ವಿಸ್ತೀರ್ಣ ಸಿಕ್ಕಿತು.

ಲೆಕ್ಕ ಮಾಡಿಯೇ ನೋಡೋಣ. ಚಿತ್ರ 400 ಮಿ.ಮೀ. ಅಗಲ, ಅದರಲ್ಲಿ 512 ಪಿಕ್ಸೆಲ್ ಅಂತಿಟ್ಟುಕೊಳ್ಳಿ. ಒಂದು ಪಿಕ್ಸೆಲ್‌ನ ಬದಿ 0.78 ಮಿ.ಮೀ., ವಿಸ್ತೀರ್ಣ ಸುಮಾರು 0.61 ಚದರ ಮಿ.ಮೀ. ಗೆರೆಯೊಳಗೆ 16,384 ಕೊಬ್ಬಿನ ಪಿಕ್ಸೆಲ್ ಇದ್ದರೆ ಒಟ್ಟು 100 ಚದರ ಸೆಂ.ಮೀ. ಜಪಾನ್ ಗಡಿ ಅಂತ ಹಿಡಿದದ್ದು ಈ 100ನ್ನೇ. ವಿಸ್ತೀರ್ಣ ಏರಿದಂತೆ ಒಬ್ಬೊಬ್ಬರಲ್ಲಿ ಬಿಪಿ, ಸಕ್ಕರೆ, ರಕ್ತದ ಕೊಬ್ಬು ಇಂಥ ಎಷ್ಟು ತೊಂದರೆಗಳಿವೆ ಅಂತ ಅವರು ಎಣಿಸಿದರು. 100ರ ಹತ್ತಿರ ಆ ಸರಾಸರಿ ಒಂದನ್ನು ದಾಟುತ್ತಿತ್ತು. ಗಂಡಸರಿಗೂ ಹೆಂಗಸರಿಗೂ ಅದೇ ಗಡಿ ಇಟ್ಟರು.

ಇಡೀ ದೇಶವನ್ನು ಸಿಟಿ ಯಂತ್ರದೊಳಗೆ ಮಲಗಿಸೋಕಾಗಲ್ಲ. ದುಡ್ಡಿನ ಮಾತಿರಲಿ, ಆರೋಗ್ಯವಂತರಿಗೆ ಸುಮ್ಮನೆ ಎಕ್ಸ್-ರೇ ವಿಕಿರಣ ಕೊಡುವುದೂ ಸರಿಯಲ್ಲ. ಹಾಗಾಗಿ 100 ಚದರ ಸೆಂ.ಮೀ. ಒಳಗಿನ ಕೊಬ್ಬು ಇರುವವರ ಸೊಂಟ ಸಾಮಾನ್ಯವಾಗಿ ಎಷ್ಟಿರುತ್ತೆ ಅಂತ ಗ್ರಾಫ್ ಎಳೆದರು. ಗಂಡಸರಲ್ಲಿ ಸುಮಾರು 85 ಬಂತು. ಹೆಂಗಸರಲ್ಲಿ ಚರ್ಮದಡಿಯ ಕೊಬ್ಬಿನ ಪದರ ದಪ್ಪ, ಅಂದರೆ ಒಳಗೆ ಅಷ್ಟೇ ಕೊಬ್ಬು ತುಂಬುವ ಹೊತ್ತಿಗೆ ಟೇಪು ಇನ್ನೂ ಮುಂದೆ ಹೋಗಿರುತ್ತೆ. ಅದಕ್ಕೇ 90. ತಿರುಗುಮುರುಗಿನ ಗುಟ್ಟು ಇಷ್ಟೇ.

ಗ್ರಾಫ್ ತಪ್ಪಿಲ್ಲ, ತಕರಾರು ಇರುವುದು ಅದರ ಬುಡದಲ್ಲಿ. ಹೆಂಗಸರಲ್ಲಿ ತೊಂದರೆ 100ಕ್ಕಿಂತ ಮೊದಲೇ ಶುರುವಾದರೆ? ಆಗ 90 ಸೆಂ.ಮೀ. ಟೇಪು ಅಪಾಯದಲ್ಲಿರುವ ಎಷ್ಟೋ ಹೆಂಗಸರಿಗೆ 'ನೀವು ಸರಿ ಇದ್ದೀರಿ' ಅಂತ ಹೇಳಿ ಮನೆಗೆ ಕಳಿಸುತ್ತೆ. ಹೆಂಗಸರ ಗಡಿ ಇಳಿಸಬೇಕು ಅಂತ ಜಪಾನಿನ ಸಂಶೋಧಕರೇ ವಾದಿಸಿದ್ದಾರೆ. ಚಿತ್ರ ಎಷ್ಟೇ ನಿಖರ ಇರಲಿ, ಎಲ್ಲಿ ಗೆರೆ ಎಳೆಯಬೇಕು ಅನ್ನೋದನ್ನು ಚಿತ್ರ ಹೇಳಲ್ಲ. ಅದನ್ನು ತೀರ್ಮಾನಿಸುವುದು ಸಮಿತಿಗಳು.

ಇನ್ನು ಆ ಚಿತ್ರವಾದರೂ ಎಷ್ಟು ನಿಖರ? ಮೂರು ಕಡೆ ಎಡವಟ್ಟಾಗುತ್ತೆ. ಮೊದಲನೆಯದು ಜಾಗ. ಹೊಟ್ಟೆ ಜೋತುಬಿದ್ದವರಲ್ಲಿ ಹೊಕ್ಕುಳು ಕೆಳಗಿಳಿದಿರುತ್ತೆ, ಆಗ ಸೀಳು ತಪ್ಪು ಮಟ್ಟದಲ್ಲಿ ಬೀಳುತ್ತೆ. ಅದಕ್ಕೇ ಹಲವರು ಹೊಕ್ಕುಳು ಬಿಟ್ಟು ಬೆನ್ನುಮೂಳೆಯನ್ನು ಗುರುತಾಗಿ ಹಿಡಿಯುತ್ತಾರೆ, ಸೊಂಟದ ಭಾಗದ ನಾಲ್ಕನೇ ಮತ್ತು ಐದನೇ ಮೂಳೆಯ ನಡುವೆ. ಬೇರೆ ಬೇರೆ ಮಟ್ಟದಲ್ಲಿ ತೆಗೆದ ಎರಡು ಸಂಖ್ಯೆಗಳನ್ನು ಹೋಲಿಸಿದರೆ ಅರ್ಥವಿಲ್ಲ.

ಎರಡನೆಯದು ಕರುಳು. ಕರುಳಿನೊಳಗೆ ಗಾಳಿ -1000, ಪಕ್ಕದ ಮಲ ಸೊನ್ನೆಗಿಂತ ಮೇಲೆ. ಎರಡರ ಅಂಚಿನ ಪಿಕ್ಸೆಲ್‌ನಲ್ಲಿ ಸರಾಸರಿ ಬಂದು, ಕೊಬ್ಬೇ ಇಲ್ಲದ ಕಡೆ ಕೊಬ್ಬಿನ ಸಂಖ್ಯೆ ಮೂಡುತ್ತೆ. ನಿಜವಾಗಿ 98 ಚದರ ಸೆಂ.ಮೀ. ಇರುವವರಲ್ಲಿ ಇಂಥ 1,000 ಪಿಕ್ಸೆಲ್ ಸೇರಿಕೊಂಡರೆ ಲೆಕ್ಕ 104 ಆಗುತ್ತೆ. ಆಸಾಮಿ ಗಡಿಯ ಆಚೆ! ಸಾಫ್ಟ್‌ವೇರ್ ಬಣ್ಣ ಹಚ್ಚಿದ ಚಿತ್ರವನ್ನು ಮನುಷ್ಯರು ಕಣ್ಣಲ್ಲಿ ನೋಡಿದರೆ ಇದು ಗೊತ್ತಾಗುತ್ತೆ: ಕರುಳಿನ ಕೊಳವೆಯೊಳಗೆ ಬಣ್ಣ ಕಂಡರೆ ಅಳಿಸಬೇಕು.

ಮೂರನೆಯದು ಅಳತೆಗೋಲು. ದೊಡ್ಡ ಮೈಯವರಿಗೆ ಚಿತ್ರದ ಅಗಲ 500 ಮಿ.ಮೀ. ಇಟ್ಟು, ಲೆಕ್ಕ ಮಾತ್ರ 400ರದ್ದೇ ಹಾಕಿದರೆ 156 ಇರಬೇಕಾದದ್ದು 100 ಅಂತ ಬರುತ್ತೆ. ಹಿಡಿಯುವ ದಾರಿ ಸುಲಭ. ಚಿತ್ರದಲ್ಲಿ ಹೊಟ್ಟೆಯ ಹೊರ ಅಂಚಿನ ಸುತ್ತಳತೆ ತೆಗೆದು, ಟೇಪಿನ ಸುತ್ತಳತೆ ಜೊತೆ ಹೋಲಿಸಿ. ಭಾರೀ ವ್ಯತ್ಯಾಸ ಇದ್ದರೆ ಎಲ್ಲೋ ತಪ್ಪಿದೆ.

ಎಂಆರ್‌ಐನಲ್ಲಿ ವಿಕಿರಣದ ತಲೆನೋವಿಲ್ಲ. ಆದರೆ ಅಲ್ಲಿ 'ನೀರಿಗೆ ಸೊನ್ನೆ' ಅನ್ನುವಂಥ ಸ್ಥಿರ ಮಾನವೂ ಇಲ್ಲ. ಬದಲಿಗೆ ಕೊಬ್ಬಿನ ಮತ್ತು ನೀರಿನ ಸಂಕೇತಗಳ ಆವರ್ತನದಲ್ಲಿರುವ ಸಣ್ಣ ವ್ಯತ್ಯಾಸವನ್ನು ಬಳಸುತ್ತಾರೆ. ಎರಡೂ ಕೂಡುವ ಕ್ಷಣದಲ್ಲಿ ಒಂದು ಚಿತ್ರ, ಒಂದನ್ನೊಂದು ಕಳೆಯುವ ಕ್ಷಣದಲ್ಲಿ ಇನ್ನೊಂದು. ಇವುಗಳ ಗಣಿತದಿಂದ ಬರೀ ಕೊಬ್ಬಿನ ಚಿತ್ರ ಸಿಗುತ್ತೆ. ಇದು ಡಿಕ್ಸನ್ ವಿಧಾನ. ಬ್ರಿಟನ್ನಿನ ಯುಕೆ ಬಯೋಬ್ಯಾಂಕ್ ಬಳಸುವುದು ಇದನ್ನೇ. ಅಲ್ಲಿ ಒಂದು ಸೀಳಿನ ವಿಸ್ತೀರ್ಣದ ಬದಲು ಇಡೀ ಹೊಟ್ಟೆಯ ಕೊಬ್ಬಿನ ಗಾತ್ರವನ್ನೇ ಅಳೆಯುತ್ತಾರೆ. ಕಾಂತಕ್ಷೇತ್ರ ಸಮ ಇಲ್ಲದ ಕಡೆ ಗಣಿತ ಕೊಬ್ಬನ್ನು ನೀರು ಅಂದುಬಿಡುತ್ತೆ. ಚರ್ಮದಡಿಯ ಪದರ ಒಂದು ಕಡೆ ಇದ್ದಕ್ಕಿದ್ದಂತೆ ಮಾಯವಾಗಿದ್ದರೆ ಅದೇ ಸುಳಿವು.

ನಮ್ಮಲ್ಲೂ ಸರ್ಕಾರ ಸೊಂಟ ಅಳೆಯಲು ಶುರು ಮಾಡಿದೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಸೊಂಟ ಮತ್ತು ನಿತಂಬದ ಸುತ್ತಳತೆ ತೆಗೆದುಕೊಂಡರು. ನಾಳೆ ಈ ಟೇಪು ವಿಮೆಯ ಕಂತಿಗೋ ನೌಕರಿಯ ತಪಾಸಣೆಗೋ ಬಂದರೆ, ಮೊದಲು ಎರಡು ಪ್ರಶ್ನೆ ಕೇಳಿ. ಈ ಗಡಿ ಯಾರ ದೇಹಗಳನ್ನು ನೋಡಿ ಎಳೆದದ್ದು? ಅವರಲ್ಲಿ ಹೆಂಗಸರ ಲೆಕ್ಕ ಬೇರೆಯಾಗಿ ಹಾಕಿದ್ದಾರಾ?